ತಜ್ಞರ ಬಳಿ 20 ನಿಮಿಷದ ಕರೆ ಕೇಳಬೇಕು: ಕರಡು ಹಾಕಿದ್ದೇನೆ, ತಿದ್ದಿಕೊಡಿ

ಕಂಪನ_ಕುತೂಹಲಿ

ನಾನು ಡೇಟಾ ಅನಾಲಿಸ್ಟ್. ಪಂಪ್‌ಗಳ ಬೇರಿಂಗ್ ಮೇಲೆ ಕೂರಿಸುವ ವೈಬ್ರೇಶನ್ ಸೆನ್ಸರ್‌ಗಳ ರೀಡಿಂಗ್ ನೋಡಿ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ನಮ್ಮದು. ಎಚ್ಚರಿಕೆ ಹೋದ ಮೇಲೆ ಪ್ಲಾಂಟ್‌ನಲ್ಲಿ ಪಂಪ್ ನಿಲ್ಲಿಸಬೇಕೋ ಬೇಡವೋ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂಬುದು ನಮ್ಮ ತಂಡದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇದೇ ಕೆಲಸದಲ್ಲಿ ಬಹಳ ವರ್ಷ ಇರುವ ಒಬ್ಬ ರಿಲಯಬಿಲಿಟಿ ಎಂಜಿನಿಯರ್ ಅವರನ್ನು ಕೇಳಬೇಕೆಂದಿದ್ದೇನೆ. ಪರಿಚಯವಿಲ್ಲ, ಪರಿಚಯ ಮಾಡಿಸುವವರೂ ಇಲ್ಲ. ಕರಡು ಇದು:

"ನಮಸ್ಕಾರ ಮೇಡಂ, ನಿಮ್ಮ ಪ್ರೊಫೈಲ್ ನೋಡಿ ಬಹಳ ಸಂತೋಷವಾಯಿತು. ನಾನು ಯಂತ್ರಗಳ ನಿರ್ವಹಣೆ ಕ್ಷೇತ್ರದ ಬಗ್ಗೆ ತಿಳಿದುಕೊಳ್ಳುತ್ತಿದ್ದೇನೆ. ನಿಮ್ಮ ಅಮೂಲ್ಯ ಸಮಯದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಅನುಭವ ಹಂಚಿಕೊಂಡರೆ ನನಗೆ ತುಂಬಾ ಉಪಕಾರವಾಗುತ್ತದೆ. ನಿಮಗೆ ಅನುಕೂಲವಾದ ಯಾವ ದಿನವಾದರೂ ಸರಿ."

ಎಲ್ಲಿ ಎಡವಿದ್ದೇನೆ?

ಹಳೇ_ಫಿಟ್ಟರ್

ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಈ ಪತ್ರವನ್ನು ಒಂದಕ್ಷರ ಬದಲಿಸದೆ ಐವತ್ತು ಜನರಿಗೆ ಕಳಿಸಬಹುದು, ಓದುವವರಿಗೆ ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಐವತ್ತು ಜನಕ್ಕೆ ಹೋಗಿರಬಹುದಾದ ಪತ್ರಕ್ಕೆ ತಾನೇ ಉತ್ತರಿಸಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ.

"ಅನುಭವ ಹಂಚಿಕೊಳ್ಳಿ" ಎನ್ನುವುದು ಪ್ರಶ್ನೆಯಲ್ಲ. ಅದನ್ನು ಓದಿದವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಅರ್ಧ ಗಂಟೆ ನಿಜಕ್ಕೂ ಅರ್ಧ ಗಂಟೆಗೆ ಮುಗಿಯುತ್ತದಾ, ಯಾವುದೂ ತಿಳಿಯುವುದಿಲ್ಲ. "ಈ ಉತ್ತರ ನನಗೆ ಗೊತ್ತು" ಎಂದು ಓದಿದ ತಕ್ಷಣ ಅನ್ನಿಸುವಂಥ ಒಂದು ಪ್ರಶ್ನೆ ಪತ್ರದಲ್ಲೇ ಇರಬೇಕು.

"ಯಾವ ದಿನವಾದರೂ ಸರಿ" ಎಂಬುದು ಸೌಜನ್ಯದ ಮಾತಿನಂತೆ ಕಾಣುತ್ತದೆ, ಆದರೆ ಕೆಲಸವನ್ನೆಲ್ಲ ಅವರ ತಲೆಗೆ ಕಟ್ಟುತ್ತದೆ. ಅವರು ಕ್ಯಾಲೆಂಡರ್ ತೆಗೆದು, ಹುಡುಕಿ, ನಿಮಗೆ ಬರೆದು, ನೀವು ಆ ಹೊತ್ತಿಗೆ ಆಗುವುದಿಲ್ಲ ಎಂದರೆ ಮತ್ತೆ ಹುಡುಕಬೇಕು. ಎರಡು ಸಮಯ ನೀವೇ ಹೇಳಿ. ಅರ್ಧ ಗಂಟೆಯ ಬದಲು 20 ನಿಮಿಷ ಕೇಳಿ.

ಕೊನೆಗೆ, "ನನಗೆ ಉಪಕಾರವಾಗುತ್ತದೆ" ಎಂದಿದ್ದೀರಿ. ಸರಿ. ಅವರಿಗೆ ಏನು?

ವಿನಯ_ಕೆ

ಅದಕ್ಕೆ ಸುಲಭದ ದಾರಿ ಇದೆಯಲ್ಲ. 20 ನಿಮಿಷಕ್ಕೆ ಇಷ್ಟು ದುಡ್ಡು ಕೊಡ್ತೀನಿ ಅಂತ ಬರೀರಿ, ಅಥವಾ ಗಿಫ್ಟ್ ಕಾರ್ಡ್. ಯಾರ ಸಮಯವೂ ಬಿಟ್ಟಿ ಅಲ್ಲ ಅನ್ನೋದನ್ನ ನೀವು ಒಪ್ಪಿಕೊಂಡ ಹಾಗಾಯ್ತು. ಪತ್ರ ಚಿಕ್ಕದಿರಲಿ, ಐದು ಸಾಲು ಮೀರಬಾರದು.

ಹಳೇ_ಫಿಟ್ಟರ್

ಚಿಕ್ಕದಿರಲಿ ಅನ್ನೋದು ಸರಿ. ದುಡ್ಡಿನ ಮಾತು ಸ್ವಂತ ಸಲಹಾ ವೃತ್ತಿ ಮಾಡುವವರಿಗೆ ಸರಿ, ಅವರಿಗೆ ಅದು ದಿನದ ವ್ಯವಹಾರ. ಸಂಬಳಕ್ಕೆ ದುಡಿಯುವ ಎಂಜಿನಿಯರ್‌ಗೆ ದುಡ್ಡು ಎಂದ ಕೂಡಲೇ ಮಾತುಕತೆ ಹೊರಗಿನ ಕನ್ಸಲ್ಟಿಂಗ್ ಆಗಿಬಿಡುತ್ತದೆ. ಬಹಳಷ್ಟು ಕಡೆ ಅದಕ್ಕೆ ಕಂಪನಿಯ ಅನುಮತಿ ಬೇಕು, ಗಿಫ್ಟ್ ಪಡೆದರೂ ಘೋಷಿಸಬೇಕು. 20 ನಿಮಿಷಕ್ಕಾಗಿ ಲೀಗಲ್ ವಿಭಾಗದ ಬಾಗಿಲು ತಟ್ಟುವ ಬದಲು ಅವರು ಸುಮ್ಮನಿದ್ದುಬಿಡುತ್ತಾರೆ.

ಅವರಿಗೆ ಏನು ಅಂತ ಕೇಳಿದ್ದು ಕೂಲಿಯ ಅರ್ಥದಲ್ಲಲ್ಲ. ಅವರು ತಾವಾಗಿ ತಲೆ ಕೆಡಿಸಿಕೊಂಡಿರುವ ವಿಷಯ ಯಾವುದಾದರೂ ಇದೆಯೇ, ಅದಕ್ಕೆ ಹೊಂದುವಂಥದ್ದು ನಿಮ್ಮ ಹತ್ತಿರ ಇದೆಯೇ? ಬೇರೆಯವರನ್ನು ಬಿಟ್ಟು ಇವರನ್ನೇ ಯಾಕೆ ಆರಿಸಿಕೊಂಡಿರಿ?

ಕಂಪನ_ಕುತೂಹಲಿ

ಅವರ ಒಂದು ಭಾಷಣದ ರೆಕಾರ್ಡಿಂಗ್ ನೋಡಿದ್ದೆ. ಮ್ಯಾಗ್ನೆಟ್‌ನಿಂದ ಅಂಟಿಸಿದ ಸೆನ್ಸರ್‌ಗಳಿಂದ ಸುಳ್ಳು ಎಚ್ಚರಿಕೆಗಳು ಬರುತ್ತವೆ ಎಂಬುದು ವಿಷಯ. ಸ್ಟಡ್ ಹಾಕಿ ಬಿಗಿದ ಸೆನ್ಸರ್ ಮತ್ತು ಮ್ಯಾಗ್ನೆಟ್ ಸೆನ್ಸರ್ ಎರಡನ್ನೂ ಒಂದೇ ಬೇರಿಂಗ್ ಮೇಲೆ ಬಹಳ ದಿನ ಇಟ್ಟು ನೋಡಿದ ರೀಡಿಂಗ್ ತಮಗೆ ಸಿಕ್ಕಿಲ್ಲ ಎಂದು ಕೊನೆಯಲ್ಲಿ ಹೇಳಿದ್ದರು.

ನಮ್ಮ ಹತ್ತಿರ ಅಂಥದ್ದೇ ಆರು ವಾರದ ರೀಡಿಂಗ್ ಇದೆ. ಬೇರೆ ಕಾರಣಕ್ಕೆ ಮಾಡಿದ್ದು. ಸುಮಾರು 2 ಕಿಲೋಹರ್ಟ್ಜ್‌ವರೆಗೆ ಎರಡೂ ಒಂದೇ ಥರ ಇವೆ, ಅದರಾಚೆ ಮ್ಯಾಗ್ನೆಟ್‌ನದು ಬೇರೆಯಾಗುತ್ತಾ ಹೋಗುತ್ತದೆ.

ಹಳೇ_ಫಿಟ್ಟರ್

ಇದನ್ನು ಕರಡಿನಲ್ಲಿ ಬರೆಯದೆ ಬಚ್ಚಿಟ್ಟುಕೊಂಡು "ಪ್ರೊಫೈಲ್ ನೋಡಿ ಸಂತೋಷವಾಯಿತು" ಎಂದಿದ್ದೀರಲ್ಲ ಮಾರಾಯ್ರೇ!

ನಿಮ್ಮ ಪತ್ರದ ಮೊದಲ ಸಾಲು ಇದೇ. ಅವರು ಬಹಿರಂಗವಾಗಿ ಬೇಕು ಎಂದದ್ದು ನಿಮ್ಮ ಕೈಯಲ್ಲಿದೆ. ಮ್ಯಾಗ್ನೆಟ್ ಮೇಲಿನ ಸೆನ್ಸರ್ ಎತ್ತರದ ಫ್ರೀಕ್ವೆನ್ಸಿಯಲ್ಲಿ ಕೈಕೊಡುತ್ತದೆ ಎಂಬುದು ಈ ಕೆಲಸದವರಿಗೆ ಹೊಸದಲ್ಲ. ಹಾಗಾಗಿ "ನಾವು ಕಂಡುಹಿಡಿದೆವು" ಎಂಬ ಧಾಟಿ ಬೇಡ. ಅವರಿಗೆ ಆಸಕ್ತಿ ಹುಟ್ಟುವುದು ಆರು ವಾರದಲ್ಲಿ ಆ ವ್ಯತ್ಯಾಸ ಹೇಗೆ ಬದಲಾಯಿತು ಎಂಬುದರಲ್ಲಿ: ಬಣ್ಣದ ಮೇಲೆ ಅಂಟಿಸಿದ್ದಿರಾ, ಕೆರೆದು ಸಮತಟ್ಟು ಮಾಡಿದ್ದಿರಾ, ಮೇಲ್ಮೈ ಬಾಗಿತ್ತಾ. ಅದನ್ನು ಒಂದು ಸಾಲಿನಲ್ಲಿ ಹೇಳಿದರೆ ನೀವು ಕೈ ಕೊಳೆ ಮಾಡಿಕೊಂಡವರು ಎಂದು ಗೊತ್ತಾಗುತ್ತದೆ.

ಸುಮಾ_ಎಚ್‌ಆರ್

ರೆಸ್ಯೂಮೆ ಒಂದು ಪುಟದ್ದು ಲಗತ್ತಿಸಿ, ಕೊನೆಯಲ್ಲಿ "ಸೂಕ್ತ ಅವಕಾಶವಿದ್ದರೆ ತಿಳಿಸಿ" ಎಂದು ಸೇರಿಸಿ. ಹೇಗೂ ಮಾತಾಡುತ್ತೀರಿ, ಅವರ ಕಂಪನಿಯಲ್ಲಿ ಖಾಲಿ ಇದ್ದರೆ ಗೊತ್ತಾಗುತ್ತದೆ.

ಕಂಪನ_ಕುತೂಹಲಿ

ಮೇಡಂ, ನಾನು ಕೆಲಸ ಹುಡುಕುತ್ತಿಲ್ಲ.

ಸಂದರ್ಶಕಿ_ಮೀರಾ

ಕೆಲಸ ಹುಡುಕುವವರಿಗೂ ಅದು ತಿರುಗುಬಾಣವೇ. ರೆಸ್ಯೂಮೆ ಕಂಡ ಕೂಡಲೇ ಓದುವವರು ನಿಮ್ಮ ಪ್ರಶ್ನೆಯನ್ನು ನೆಪ ಎಂದುಕೊಳ್ಳುತ್ತಾರೆ, ಪತ್ರವನ್ನು ಎಚ್‌ಆರ್‌ಗೆ ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಮಾರಾಟದವರದೂ ಇದೇ ಕತೆ. "ನಿಮ್ಮ ಸಲಹೆ ಬೇಕು" ಎಂದು ಶುರುವಾಗಿ ಹತ್ತನೇ ನಿಮಿಷಕ್ಕೆ ಡೆಮೊಗೆ ಬರುವ ಕರೆಗಳನ್ನು ಇಂಥ ಹುದ್ದೆಯವರು ಸಾಕಷ್ಟು ಕಂಡಿರುತ್ತಾರೆ. ನಿಮ್ಮದು ಸಾಫ್ಟ್‌ವೇರ್ ಕಂಪನಿ ಬೇರೆ, ಅನುಮಾನ ಬಂದೇ ಬರುತ್ತದೆ. ಮಾರುವ ಮಾತು ಬರುವುದಿಲ್ಲ ಎಂದು ನೇರವಾಗಿ ಬರೆಯಿರಿ, ಆಮೇಲೆ ಅದಕ್ಕೆ ಬದ್ಧರಾಗಿರಿ. ಮೂರು ತಿಂಗಳ ನಂತರ ನಿಮ್ಮ ಸೇಲ್ಸ್‌ನವರು ಅದೇ ನಂಬರಿಗೆ ಫೋನ್ ಮಾಡಿದರೆ ನೀವು ಬರೆದದ್ದು ಸುಳ್ಳಾಯಿತು. ಆದ್ದರಿಂದ ಆ ನಂಬರನ್ನು ಕಂಪನಿಯ ಗ್ರಾಹಕರ ಪಟ್ಟಿಗೆ ಸೇರಿಸಬೇಡಿ.

ಪ್ರಶ್ನೆಯ ಬಗ್ಗೆ: "ಪಂಪ್ ನಿಲ್ಲಿಸುವ ತೀರ್ಮಾನ ಹೇಗೆ?" ಎಂಬುದು ಇನ್ನೂ ಅಗಲವಾಗಿದೆ. ಅದನ್ನು ಸ್ಟ್ಯಾಂಡರ್ಡ್‌ನಲ್ಲಿ ಓದಿಕೊಳ್ಳಿ ಎಂದುಬಿಡಬಹುದು. ಸ್ಟ್ಯಾಂಡರ್ಡ್ ಎಲ್ಲಿ ಮೌನವಾಗುತ್ತದೋ ಅಲ್ಲಿಂದ ಕೇಳಿ.

ಹಳೇ_ಫಿಟ್ಟರ್

ಮೀರಾ ಅವರು ಹೇಳಿದ್ದಕ್ಕೆ ಈ ಕೇಸಿನಲ್ಲೇ ಉದಾಹರಣೆ ಇದೆ. ಐಎಸ್‌ಒ 10816-7 ಎಂಬ ಪಂಪ್‌ಗಳ ಸ್ಟ್ಯಾಂಡರ್ಡ್ ಪ್ರಕಾರ ಕಂಪನವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವಲಯ ಮಾಡುತ್ತಾರೆ. ಸಿ ವಲಯದ ಯಂತ್ರ ದೀರ್ಘಕಾಲ ಸತತ ಓಡಲು ತಕ್ಕುದಲ್ಲ, ಆದರೆ ರಿಪೇರಿಗೆ ಅವಕಾಶ ಸಿಗುವ ತನಕ ಸೀಮಿತ ಕಾಲ ಓಡಿಸಬಹುದು. ಆ "ಸೀಮಿತ ಕಾಲ" ಅಂದರೆ ಎರಡು ದಿನವಾ, ಎರಡು ತಿಂಗಳಾ? ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಇಂಥವರೇ. ಈ ಪ್ರಶ್ನೆ ಕಂಡರೆ ಅವರಿಗೆ ಎರಡು ವಿಷಯ ತಿಳಿಯುತ್ತದೆ: ನೀವು ಓದಿಕೊಂಡು ಬಂದಿದ್ದೀರಿ, ಮತ್ತು 20 ನಿಮಿಷದಲ್ಲಿ ಉತ್ತರಿಸಬಹುದು.

ಪತ್ರದಲ್ಲಿ ಹಳೆಯ 10816-3 ಎಂದು ಬರೆದರೆ ಹಾಗೇನೂ ಅಪರಾಧವಲ್ಲ, ಪ್ಲಾಂಟ್‌ಗಳಲ್ಲಿ ಇನ್ನೂ ಹಾಗೇ ಕರೆಯುತ್ತಾರೆ. ಆದರೂ ಪಂಪ್‌ಗಳಿಗೆಂದೇ ಇರುವ ಸಂಖ್ಯೆ ಹಾಕಿ.

ಫೈನಲ್_ಇಯರ್_ಹುಡುಗಿ

ಇಲ್ಲಿ ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇವರ ಹತ್ತಿರ ಕೊಡೋಕೆ ಆರು ವಾರದ ಡೇಟಾ ಇದೆ. ನನಗೆ ಕ್ಯಾಲಿಬ್ರೇಶನ್ ಲ್ಯಾಬ್‌ನ ಮುಖ್ಯಸ್ಥರ ಹತ್ತಿರ ಮಾತಾಡಬೇಕು, ಓದು ಮುಗಿದ ಮೇಲೆ ಆ ಕೆಲಸಕ್ಕೆ ಸೇರುವ ಆಸೆ. ನನ್ನ ಹತ್ತಿರ ಏನೂ ಇಲ್ಲ. ಅವರು ಯಾಕೆ ಒಪ್ತಾರೆ?

ಸಂದರ್ಶಕಿ_ಮೀರಾ

ಏನೂ ಇಲ್ಲದವರು ಸಂಗ್ರಹ ಮಾಡಿ ಕೊಡಬಹುದು ಪುಟ್ಟಿ. ಒಂದೇ ಪ್ರಶ್ನೆಯನ್ನು ನಾಲ್ಕೈದು ಲ್ಯಾಬ್‌ಗಳವರಿಗೆ ಕೇಳು. ಉದಾಹರಣೆಗೆ, "ಹೊಸದಾಗಿ ಸೇರಿದವರಿಗೆ ಒಬ್ಬರೇ ಕ್ಯಾಲಿಬ್ರೇಶನ್ ಮಾಡಲು ಬಿಡುವ ಮುಂಚೆ ಯಾವ ಮೂರು ಕೆಲಸದಲ್ಲಿ ಪರೀಕ್ಷಿಸುತ್ತೀರಿ?" ಉತ್ತರಗಳನ್ನು ಹೆಸರಿಲ್ಲದೆ ಒಂದು ಪುಟಕ್ಕೆ ಇಳಿಸಿ, ಮಾತಾಡಿದ ಎಲ್ಲರಿಗೂ ಕಳಿಸು. ಲ್ಯಾಬ್ ನಡೆಸುವವರಿಗೆ ಪಕ್ಕದ ಲ್ಯಾಬ್‌ನವರು ತರಬೇತಿ ಹೇಗೆ ಕೊಡುತ್ತಾರೆ ಎಂಬ ಕುತೂಹಲ ಇದ್ದೇ ಇರುತ್ತದೆ, ನೇರವಾಗಿ ಕೇಳಲು ಸಂಕೋಚ. ಅವರು ಒಪ್ಪಲು ಆ ಪುಟವೇ ಕಾರಣ.

ಇದರಲ್ಲಿ ಎರಡು ಕಡೆ ಜನ ಜಾರುತ್ತಾರೆ. ಮೊದಲನೆಯವರಿಗೆ ಬರೆಯುವಾಗ ಇನ್ನೂ ಯಾರ ಉತ್ತರವೂ ನಿನ್ನಲ್ಲಿ ಇರುವುದಿಲ್ಲ. "ನಾಲ್ವರನ್ನು ಕೇಳುತ್ತಿದ್ದೇನೆ, ಮುಗಿದ ಮೇಲೆ ಕಳಿಸುತ್ತೇನೆ, ನೀವು ಮೊದಲನೆಯವರು" ಎಂದು ಇದ್ದದ್ದನ್ನೇ ಹೇಳು. ಎರಡನೆಯದು, ಮಾತು ಕೊಟ್ಟ ಪುಟ ಕಳಿಸದೇ ಇರುವುದು. ಇದು ತೀರಾ ಸಾಮಾನ್ಯ. ಕಳಿಸುವ ದಿನಾಂಕವನ್ನು ಪತ್ರದಲ್ಲೇ ಬರೆದುಬಿಡು, ಆಗ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಳೇ_ಫಿಟ್ಟರ್

ನನಗೆ ಒಂದು ಅಳುಕು. ಸಣ್ಣ ಕ್ಷೇತ್ರದಲ್ಲಿ ನಾಲ್ಕೇ ಲ್ಯಾಬ್ ಕೇಳಿ ಹೆಸರು ತೆಗೆದರೂ ಯಾವುದು ಯಾರ ಉತ್ತರ ಎಂದು ಬಲ್ಲವರು ಹೇಳಿಬಿಡುತ್ತಾರೆ. ಹೆಸರಿಲ್ಲ ಎಂಬ ಭರವಸೆ ಅಲ್ಲಿ ಗಟ್ಟಿಯಲ್ಲ.

ಸಂದರ್ಶಕಿ_ಮೀರಾ

ಹೌದು. ಕಳಿಸುವ ಮುಂಚೆ ಅವರವರ ಭಾಗವನ್ನು ಅವರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡರೆ ಅಪಾಯ ಕಡಿಮೆಯಾಗುತ್ತದೆ, ಪೂರಾ ಹೋಗುವುದಿಲ್ಲ.

ಕಂಪನ_ಕುತೂಹಲಿ

ಎಲ್ಲವನ್ನೂ ಸೇರಿಸಿ ತಿದ್ದಿದ್ದೇನೆ. ವಿಷಯದ ಸಾಲು: "ಒಂದೇ ಬೇರಿಂಗ್ ಮೇಲೆ ಸ್ಟಡ್ ಮತ್ತು ಮ್ಯಾಗ್ನೆಟ್: 6 ವಾರದ ರೀಡಿಂಗ್, ಒಂದು ಪ್ರಶ್ನೆ."

"ನಮಸ್ಕಾರ ಮೇಡಂ,

ಸ್ಟಡ್ ಮತ್ತು ಮ್ಯಾಗ್ನೆಟ್ ಸೆನ್ಸರ್‌ಗಳನ್ನು ಒಂದೇ ಬೇರಿಂಗ್ ಮೇಲೆ ಬಹಳ ದಿನ ಹೋಲಿಸಿದ ರೀಡಿಂಗ್ ಸಿಕ್ಕಿಲ್ಲ ಎಂದು ನಿಮ್ಮ ಭಾಷಣದ ಕೊನೆಯಲ್ಲಿ ಹೇಳಿದ್ದಿರಿ. ನಮ್ಮಲ್ಲಿ ಒಂದು ಪಂಪ್‌ನ ಆರು ವಾರದ ರೀಡಿಂಗ್ ಇದೆ. ಸುಮಾರು 2 ಕಿಲೋಹರ್ಟ್ಜ್‌ವರೆಗೆ ಎರಡೂ ಹೊಂದುತ್ತವೆ. ಅದರಾಚೆ ವ್ಯತ್ಯಾಸ ಹೆಚ್ಚುತ್ತದೆ, ಬಣ್ಣ ಕೆರೆದು ಮ್ಯಾಗ್ನೆಟ್ ಮತ್ತೆ ಕೂರಿಸಿದ ನಾಲ್ಕನೇ ವಾರದ ನಂತರ ತಗ್ಗುತ್ತದೆ. ಎರಡು ಪುಟದ ಗ್ರಾಫ್ ಲಗತ್ತಿಸಿದ್ದೇನೆ. ಕರೆಗೆ ಒಪ್ಪಿದರೂ ಒಪ್ಪದಿದ್ದರೂ ಅದು ನಿಮಗೆ.

ನಾನು ಕೇಳಬೇಕೆಂದಿರುವುದು ಒಂದೇ. ರೀಡಿಂಗ್ ಸಿ ವಲಯಕ್ಕೆ ಹೋದ ಪಂಪನ್ನು ಸೀಮಿತ ಕಾಲ ಓಡಿಸಬಹುದು ಎಂದು ಐಎಸ್‌ಒ 10816-7 ಹೇಳುತ್ತದೆ. ಆ ಕಾಲ ಎಷ್ಟು ಎಂದು ನಿರ್ಧರಿಸುವಾಗ ಸಂಖ್ಯೆಯ ಜೊತೆಗೆ ಇನ್ನೇನು ನೋಡುತ್ತೀರಿ? ನಿಮ್ಮ ಪ್ಲಾಂಟ್‌ನ ಯಂತ್ರಗಳ ವಿವರ ಬೇಡ, ಯೋಚಿಸುವ ರೀತಿ ಸಾಕು.

20 ನಿಮಿಷದ ಫೋನ್ ಕರೆಗೆ ಮಂಗಳವಾರ ಸಂಜೆ 5 ಅಥವಾ ಗುರುವಾರ ಬೆಳಿಗ್ಗೆ 8:30 ಆಗಬಹುದೇ? ಎರಡೂ ನಿಮ್ಮಲ್ಲಿನ ಸಮಯ. ಬರೆಯುವುದೇ ಸುಲಭವಾದರೆ ನಾಲ್ಕು ಸಾಲಿನ ಉತ್ತರವೂ ಸಾಕು. ನಾನು ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ಅದನ್ನು ಮಾರುವ ಮಾತು ಈ ಕರೆಯಲ್ಲಾಗಲಿ ಆಮೇಲಾಗಲಿ ಬರುವುದಿಲ್ಲ."

ವಿನಯ_ಕೆ

ಐದು ಸಾಲು ಎಲ್ಲಿ ಹೋಯ್ತು? 😄 ಆದ್ರೂ ಓದಿಸಿಕೊಂಡು ಹೋಗ್ತದೆ. ಒಂದು ಮಾತು, ಎರಡು ಸಮಯ ಕೊಡೋ ಬದಲು ಬುಕಿಂಗ್ ಲಿಂಕ್ ಹಾಕಿಬಿಡಿ. ಅವರೇ ಒತ್ತಿ ಆರಿಸಿಕೊಳ್ತಾರೆ.

ಹಳೇ_ಫಿಟ್ಟರ್

ನನಗೆ ಇಷ್ಟವಿಲ್ಲ. ಕೇಳುವವರು ನೀವು, ನಿಮ್ಮ ಅಪಾಯಿಂಟ್‌ಮೆಂಟ್ ಅವರು ತೆಗೆದುಕೊಂಡ ಹಾಗಾಗುತ್ತದೆ.

ಸಂದರ್ಶಕಿ_ಮೀರಾ

ಅವರು ಒಪ್ಪಿದ ಮೇಲೆ ಲಿಂಕ್ ಕೊಟ್ಟರೆ ಯಾರೂ ಬೇಸರಿಸುವುದಿಲ್ಲ. ಮೊದಲ ಪತ್ರದಲ್ಲಿ ನಾನೂ ಹಾಕುವುದಿಲ್ಲ, ಆದರೆ ಹಾಕಿದರೆ ಕೆಟ್ಟಿತು ಎಂದೂ ಹೇಳಲಾರೆ. ಕೆಲವರಿಗೆ ಅದೇ ಸಲೀಸು.

ನನ್ನ ಆಕ್ಷೇಪ ಲಗತ್ತಿನ ಬಗ್ಗೆ. ಅಪರಿಚಿತರ ಮೇಲ್‌ನಲ್ಲಿ ಪಿಡಿಎಫ್ ಇದ್ದರೆ ಬಹಳ ಕಂಪನಿಗಳ ಮೇಲ್ ವ್ಯವಸ್ಥೆ ಅದನ್ನು ತಡೆಹಿಡಿಯುತ್ತದೆ, ಅಥವಾ ಇಡೀ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ. ಪ್ಲಾಂಟ್‌ಗಳಲ್ಲಿ ಇನ್ನೂ ಬಿಗಿ. ಅಪರಿಚಿತ ಲಿಂಕ್ ಒತ್ತಬಾರದು ಎಂದು ಅವರಿಗೆ ತರಬೇತಿಯೇ ಕೊಟ್ಟಿರುತ್ತಾರೆ. ಕಂಡುಕೊಂಡದ್ದನ್ನು ಮಾತಿನಲ್ಲಿ ಬರೆದಿದ್ದೀರಿ, ಅದು ಸಾಕು. "ಗ್ರಾಫ್ ಸಿದ್ಧವಿದೆ, ಬೇಕು ಎಂದು ಒಂದು ಪದ ಬರೆದರೆ ಕಳಿಸುತ್ತೇನೆ" ಎನ್ನಿ. ಅವರು ಬರೆಯುವ ಆ ಒಂದು ಪದದಿಂದ ನಿಮ್ಮ ಮುಂದಿನ ಮೇಲ್ ಅಪರಿಚಿತರದ್ದಾಗಿ ಉಳಿಯುವುದಿಲ್ಲ.

ಹಳೇ_ಫಿಟ್ಟರ್

ಒಪ್ಪಿದೆ. ಇನ್ನೊಂದು, ಯಾರೂ ಕೇಳಿಲ್ಲ: ಈ ರೀಡಿಂಗ್ ಕೊಡುವ ಹಕ್ಕು ನಿಮಗಿದೆಯಾ? ಪಂಪ್ ಯಾರದು?

ಕಂಪನ_ಕುತೂಹಲಿ

ಗ್ರಾಹಕರ ಪ್ಲಾಂಟ್‌ನದು. ಹೆಸರು ತೆಗೆದರೆ ಸಾಲದೇ?

ಹಳೇ_ಫಿಟ್ಟರ್

ಸಾಲದು. ಕರಾರಿನಲ್ಲಿ ರೀಡಿಂಗ್ ಯಾರ ಸ್ವತ್ತು ಎಂದು ಬರೆದಿರುತ್ತದೆ, ಮೊದಲು ಅದನ್ನು ನೋಡಿ. ನಿಮ್ಮ ಮ್ಯಾನೇಜರ್ ಮತ್ತು ಗ್ರಾಹಕರು ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ತನ್ನಿ. ಯಂತ್ರದ ಟ್ಯಾಗ್ ನಂಬರ್, ದಿನಾಂಕ, ಪ್ಲಾಂಟ್‌ನ ಹೆಸರು ತೆಗೆಯಿರಿ. ದಿನಾಂಕದ ಬದಲು 1ನೇ ವಾರ, 2ನೇ ವಾರ ಎಂದು ಹಾಕಿ. ವೇಗ ಮತ್ತು ಬೇರಿಂಗ್ ಮಾದರಿ ತೆಗೆಯಬೇಡಿ, ಅವಿಲ್ಲದಿದ್ದರೆ ಆ ಗ್ರಾಫ್‌ನಿಂದ ಯಾರೂ ಏನೂ ಹೇಳಲಾಗುವುದಿಲ್ಲ. ಒಪ್ಪಿಗೆ ಸಿಗುವ ಮುಂಚೆ ಪತ್ರ ಕಳಿಸಬೇಡಿ. ಬೇರೆಯವರ ಡೇಟಾವನ್ನು ಸಲೀಸಾಗಿ ಹಂಚುವವರ ಹತ್ತಿರ ತನ್ನ ಮಾತೂ ಸುರಕ್ಷಿತವಲ್ಲ ಎಂದು ಆ ಮೇಡಂ ಲೆಕ್ಕ ಹಾಕಿದರೆ ತಪ್ಪೇನು?

ಕಂಪನ_ಕುತೂಹಲಿ

ಇದು ಹೊಳೆದೇ ಇರಲಿಲ್ಲ. ನಾಳೆ ಕೇಳುತ್ತೇನೆ. ಒಪ್ಪದಿದ್ದರೆ?

ಸಂದರ್ಶಕಿ_ಮೀರಾ

ಆಗ ನಿಮ್ಮ ಆಫೀಸಿನ ಪಂಪ್ ಅಥವಾ ಮೋಟರ್ ಮೇಲೆ ಎರಡೂ ಸೆನ್ಸರ್ ಕೂರಿಸಿ ಎರಡು ವಾರ ನೋಡಿ. ಆರು ವಾರದಷ್ಟು ತೂಕ ಇರುವುದಿಲ್ಲ, ಆದರೆ ಅದು ನಿಮ್ಮದೇ. "ಎರಡು ವಾರದ್ದು, ಚಿಕ್ಕ ಯಂತ್ರ" ಎಂದು ಮಿತಿಯನ್ನೂ ಬರೆಯಿರಿ.

ಕರೆ ಸಿಕ್ಕ ಮೇಲಿನದಕ್ಕೂ ಎರಡು ಮಾತು. ಸಾಮಾನ್ಯವಾಗಿ ಏನು ಮಾಡುತ್ತೀರಿ ಎಂದು ಕೇಳಿದರೆ ನಿಯಮ ಪುಸ್ತಕದ ಉತ್ತರ ಬರುತ್ತದೆ. "ಕೊನೆಯ ಸಲ ಸಿ ವಲಯಕ್ಕೆ ಹೋದ ಪಂಪನ್ನು ಓಡಲು ಬಿಟ್ಟಾಗ ಮೊದಲು ಏನು ನೋಡಿದಿರಿ?" ಎಂದು ಕೇಳಿ. ಬೇರಿಂಗ್‌ನ ತಾಪವೋ, ರೀಡಿಂಗ್ ಏರುವ ವೇಗವೋ, ಬದಲಿ ಪಂಪ್ ಸಿದ್ಧವಿತ್ತೋ, ಅವರ ಯೋಚನೆಯ ಕ್ರಮ ತಾನಾಗಿ ಹೊರಬರುತ್ತದೆ. ಯಾವ ಪಂಪ್, ಎಲ್ಲಿ ಎಂದು ಮಾತ್ರ ಕೆದಕಬೇಡಿ. ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ, ಇಲ್ಲದಿದ್ದರೆ ಕೈಯಲ್ಲಿ ಬರೆದುಕೊಳ್ಳಿ. 18ನೇ ನಿಮಿಷಕ್ಕೆ "ಹೇಳಿದ ಸಮಯ ಮುಗಿಯುತ್ತಾ ಬಂತು" ಎಂದು ನೀವೇ ಹೇಳಿ. ಮುಂದುವರಿಸುವ ಮನಸ್ಸಿದ್ದರೆ ಅವರೇ ಮುಂದುವರಿಸುತ್ತಾರೆ. ಮರುದಿನದೊಳಗೆ ನಿಮಗೆ ಅರ್ಥವಾದದ್ದನ್ನು ಹತ್ತು ಸಾಲಿನಲ್ಲಿ ಕಳಿಸಿ, ತಪ್ಪಿದ್ದರೆ ತಿದ್ದಿ ಎಂದು ಕೇಳಿ.

ಫೈನಲ್_ಇಯರ್_ಹುಡುಗಿ

ಉತ್ತರ ಬರದಿದ್ದರೆ ಎಷ್ಟು ಸಲ ನೆನಪಿಸಬಹುದು?

ಹಳೇ_ಫಿಟ್ಟರ್

ಒಂದು ಸಲ. ಆರೇಳು ಕೆಲಸದ ದಿನ ಬಿಟ್ಟು, ಅದೇ ಮೇಲ್‌ಗೆ ಉತ್ತರವಾಗಿ, ಮೂರು ಸಾಲು. "ನನ್ನ ಮೇಲ್ ನೋಡಿದಿರಾ" ಎಂದಲ್ಲ, ಹೊಸದೊಂದು ಸೇರಿಸಿ. ಇವರ ವಿಷಯದಲ್ಲಾದರೆ ಏಳನೇ ವಾರದ ರೀಡಿಂಗ್. ಪ್ಲಾಂಟ್ ಶಟ್‌ಡೌನ್ ನಡೆಯುವಾಗ ಬರೆದರೆ ಯಾರೂ ಮೇಲ್ ತೆರೆಯುವುದಿಲ್ಲ, ಅದು ನಿಮ್ಮ ಪತ್ರದ ದೋಷವಲ್ಲ. ಎರಡನೆಯದಕ್ಕೂ ಉತ್ತರ ಬರದಿದ್ದರೆ ಬಿಟ್ಟುಬಿಡಿ, ಬೇರೊಬ್ಬರಿಗೆ ಬರೆಯಿರಿ. ಅದೇ ಪತ್ರ ಅಲ್ಲ, ಅವರು ಏನು ಹೇಳಿದ್ದಾರೆ ನೋಡಿ ಹೊಸದು.

ಸುಮಾ_ಎಚ್‌ಆರ್

ಒಂದೇ ಸಲ ಅನ್ನುವುದು ಕಡಿಮೆಯಾಯಿತು. ಮೂರನೆಯ ಸಲಕ್ಕೆ ಉತ್ತರಿಸುವವರೂ ಇದ್ದಾರೆ.

ಹಳೇ_ಫಿಟ್ಟರ್

ಇದ್ದಾರೆ. ಆ ಉತ್ತರದಲ್ಲಿ ಒಪ್ಪಿಗೆ ಎಷ್ಟು, ಪೀಡೆ ತೊಲಗಲಿ ಎನ್ನುವುದು ಎಷ್ಟು ಎಂದು ಹೇಳುವುದು ಕಷ್ಟ.

ಕಂಪನ_ಕುತೂಹಲಿ

ಮ್ಯಾನೇಜರ್ ಒಪ್ಪಿದ್ದಾರೆ, ಗ್ರಾಹಕರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಗ್ರಾಫ್ ಸರಿಮಾಡುತ್ತಿದ್ದೇನೆ. ಲಗತ್ತಿನ ಸಾಲು ತೆಗೆದು "ಬೇಕಾದರೆ ಕಳಿಸುತ್ತೇನೆ" ಎಂದು ಹಾಕಿದೆ.

ಹಳೇ_ಫಿಟ್ಟರ್

ಗ್ರಾಫ್‌ನ ಪಕ್ಕದಲ್ಲಿ ಬರೀ ಸಂಖ್ಯೆ ಹಾಕಬೇಡಿ. ವೆಲಾಸಿಟಿಯೋ ಆಕ್ಸಲರೇಶನ್ನೋ, ಆರ್‌ಎಂಎಸ್ಸೋ ಪೀಕೋ, ಸ್ಪಷ್ಟವಾಗಿ ಬರೆಯಿರಿ. ಆ ಮೇಡಂ ಮೊದಲು ಕಣ್ಣು ಹಾಯಿಸುವುದು ಅಲ್ಲಿಗೆ. ಅದಿಲ್ಲದಿದ್ದರೆ ನಿಮ್ಮ 20 ನಿಮಿಷದಲ್ಲಿ ಐದು ನಿಮಿಷ ಅದಕ್ಕೇ ಹೋಗುತ್ತದೆ.